ಜರ್ನಲ್ ಕೊಟ್ಟಾಯಿತು, ವೈವಾಕ್ಕೆ ಏನು ಓದಬೇಕು?

ಸಿ ಲ್ಯಾಬಿನ ಜರ್ನಲ್ಲಿಗೆ ಸಹಿ ಬಿದ್ದು, ಅದು ಡಿಪಾರ್ಟ್‌ಮೆಂಟಿನ ಮೇಜು ಸೇರಿದ ಮೇಲೆ ಪರೀಕ್ಷೆಗೆ ಉಳಿಯುವುದು ಕೆಲವೇ ದಿನ. ಜಮಖಂಡಿ, ಬೀಳಗಿ, ಬನಹಟ್ಟಿಗಳ ಬಿಸಿಎ ವಿದ್ಯಾರ್ಥಿಯಾಗಲಿ, ಮುಧೋಳದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷ ಓದುವವರಾಗಲಿ, ಆ ದಿನಗಳಲ್ಲಿ ಬಹುತೇಕ ಎಲ್ಲರೂ ಮಾಡುವ ಕೆಲಸ ಒಂದೇ. ವೈವಾ ಪ್ರಶ್ನೋತ್ತರಗಳ ಝೆರಾಕ್ಸ್ ತಂದು, ಅರೇ ಎಂದರೇನು, ಪಾಯಿಂಟರ್ ಎಂದರೇನು, ಲೂಪುಗಳಲ್ಲಿ ಎಷ್ಟು ವಿಧ ಎಂದು ಬಾಯಿಪಾಠ ಮಾಡುವುದು. ಈ ತಯಾರಿಯಲ್ಲಿ ಒಂದು ದೊಡ್ಡ ಕೊರತೆಯಿದೆ. ಪರೀಕ್ಷಕರ ಮುಂದೆ ಇರುವುದು ಆ ಝೆರಾಕ್ಸ್ ಹಾಳೆಯಲ್ಲ, ನೀವು ಆಗಷ್ಟೇ ಬರೆದು ಓಡಿಸಿ ತೋರಿಸಿದ ಪ್ರೋಗ್ರಾಂ. ಅವರ ಬೆರಳು ಅದರ ಯಾವುದೋ ಒಂದು ಸಾಲಿನ ಮೇಲೆ ಹೋಗುತ್ತದೆ. "ಈ ಸಾಲು ತೆಗದ್ರ ಏನಾಗತದ?" ಎಂಬ ಪ್ರಶ್ನೆಗೆ ಬಾಯಿಪಾಠದಲ್ಲಿ ಉತ್ತರ ಇರುವುದಿಲ್ಲ. ಆದ್ದರಿಂದ ವೈವಾಕ್ಕೆ ಓದಬೇಕಾದ ಮುಖ್ಯ ಪುಸ್ತಕ ನಿಮ್ಮದೇ ಜರ್ನಲ್, ಅದನ್ನು ಓದಬೇಕಾದ ರೀತಿ ಸಾಲು ಸಾಲಾಗಿ ವಿವರಿಸುವುದು ಎಂಬುದು ಈ ಲೇಖನದ ವಾದ. ಜರ್ನಲ್ ಒಪ್ಪಿಸುವ ಮೊದಲೇ ಅದರ ಪುಟಗಳ ಫೋಟೊ ತೆಗೆದಿಟ್ಟುಕೊಂಡಿರಿ, ಇಲ್ಲವಾದರೆ ಓದಲು ಕೈಯಲ್ಲಿ ಏನೂ ಉಳಿಯುವುದಿಲ್ಲ.

ಅಂಕಗಳ ಲೆಕ್ಕವೂ ಇದನ್ನೇ ಹೇಳುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಲ್ಯಾಬ್ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಬರವಣಿಗೆಗೆ ಶೇ. 20, ಪ್ರೋಗ್ರಾಂ ನಡೆಸಿ ಫಲಿತಾಂಶ ತೋರಿಸುವುದಕ್ಕೆ ಶೇ. 60, ವೈವಾಕ್ಕೆ ಶೇ. 20 ಅಂಕಗಳಿರುತ್ತವೆ. ಬಿಸಿಎಯಲ್ಲಿ ಹಂಚಿಕೆ ಬೇರೆ ಇರಬಹುದು, ಕ್ರಮ ಮಾತ್ರ ಹೆಚ್ಚುಕಡಿಮೆ ಇದೇ. ವ್ಯಾಖ್ಯೆಗಳ ಬಾಯಿಪಾಠ ನೆರವಾಗುವುದು ಕೊನೆಯ 20ಕ್ಕೆ, ಅದೂ ಅದರ ಒಂದು ಭಾಗಕ್ಕೆ. ಸಾಲು ಸಾಲಾಗಿ ವಿವರಿಸಬಲ್ಲವರಿಗೆ ನಡುವಿನ 60 ಕೂಡ ಭದ್ರ. ಪರೀಕ್ಷೆಯ ದಿನ ಪ್ರೋಗ್ರಾಂ ಓಡದೆ ಹೋದಾಗ ತಪ್ಪು ಯಾವ ಸಾಲಿನಲ್ಲಿದೆ ಎಂದು ಕಂಡುಹಿಡಿಯಲು ಬೇಕಾಗುವುದೂ ಇದೇ ಶಕ್ತಿ.

ಒಂದು ಪ್ರೋಗ್ರಾಂ, ಅದರ ಸಾಲುಗಳು

ಉದಾಹರಣೆಗೆ ವಿಟಿಯು ಸಿ ಲ್ಯಾಬಿನ ಪಟ್ಟಿಯಲ್ಲಿ ಬರುವ ವಿದ್ಯುತ್ ಬಿಲ್ಲಿನ ಪ್ರೋಗ್ರಾಂ ತೆಗೆದುಕೊಳ್ಳೋಣ. ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100 ಯೂನಿಟ್‌ಗೆ ತಲಾ 90 ಪೈಸೆ, 300 ದಾಟಿದ ಮೇಲೆ ತಲಾ 1 ರೂಪಾಯಿ. ಎಲ್ಲರಿಗೂ ಕನಿಷ್ಠ 100 ರೂಪಾಯಿ ಮೀಟರ್ ಶುಲ್ಕ. ಒಟ್ಟು 400 ರೂಪಾಯಿ ಮೀರಿದರೆ ಒಟ್ಟಿನ ಮೇಲೆ ಶೇ. 15 ಸರ್ಚಾರ್ಜ್. ಇವು ಲ್ಯಾಬಿಗಾಗಿ ಕೊಟ್ಟ ದರಗಳು. ಮನೆಗೆ ಬರುವ ಹೆಸ್ಕಾಂ ಬಿಲ್ಲಿನ ಲೆಕ್ಕ ಬೇರೆ. ಜರ್ನಲ್ಲುಗಳಲ್ಲಿ ಈ ಪ್ರೋಗ್ರಾಂ ಸಾಮಾನ್ಯವಾಗಿ ಹೀಗಿರುತ್ತದೆ.

```c
#include <stdio.h>
int main()
{
    char name[30];
    int units;
    float amt;
    printf("Name: ");
    scanf("%29s", name);
    printf("Units: ");
    scanf("%d", &units);
    if (units <= 200)
        amt = units * 0.80;
    else if (units <= 300)
        amt = 160 + (units - 200) * 0.90;
    else
        amt = 250 + (units - 300) * 1.00;
    amt = amt + 100;
    if (amt > 400)
        amt = amt + amt * 0.15;
    printf("%s: Rs. %.2f\n", name, amt);
    return 0;
}
```

ಒಂದೊಂದು ಸಾಲಿಗೂ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಈ ಸಾಲು ಏನು ಮಾಡುತ್ತದೆ? ಇಲ್ಲಿಯೇ ಯಾಕೆ ಇದೆ, ಹೀಗೆಯೇ ಯಾಕೆ ಇದೆ? ಇದನ್ನು ತೆಗೆದರೆ ಅಥವಾ ಬದಲಿಸಿದರೆ ಫಲಿತಾಂಶ ಎಷ್ಟಾಗುತ್ತದೆ? ಮೊದಲನೆಯದಕ್ಕೆ ಎಲ್ಲರೂ ಉತ್ತರಿಸುತ್ತಾರೆ, ಯಾಕೆಂದರೆ ಅದು ಬರೆದದ್ದನ್ನೇ ಓದಿ ಹೇಳಿದಂತೆ. ಅರ್ಥವಾಗಿದೆಯೋ ಇಲ್ಲವೋ ಎಂಬುದು ತಿಳಿಯುವುದು ಮೂರನೆಯದರಲ್ಲಿ. ಆ ಉತ್ತರ ಒಂದು ಸಂಖ್ಯೆಯಾಗಿರುತ್ತದೆ, ಕಂಪ್ಯೂಟರಿನ ಮೇಲೆ ಓಡಿಸಿ ಸರಿಯೋ ತಪ್ಪೋ ನೋಡಬಹುದು. ಹೀಗೆ ಪರೀಕ್ಷಿಸಿ ನೋಡಬಹುದಾದ ಉತ್ತರವನ್ನು ಮಾತ್ರ ಕಲಿತದ್ದು ಎಂದು ಲೆಕ್ಕಕ್ಕೆ ಹಿಡಿಯಿರಿ.

`amt = amt + 100;` ಎಂಬ ಸಾಲನ್ನೇ ನೋಡಿ. ಮೀಟರ್ ಶುಲ್ಕ ಸೇರಿಸುತ್ತದೆ ಎಂಬುದು ಮೊದಲ ಉತ್ತರ. ಸರ್ಚಾರ್ಜಿನ `if`ಗಿಂತ ಮೊದಲು ಯಾಕಿದೆ ಎಂಬುದು ಎರಡನೆಯದು. ಒಟ್ಟು ಮೊತ್ತ 400 ಮೀರಿದರೆ ಎಂದು ಪ್ರಶ್ನೆಯೇ ಹೇಳಿದೆ, ಒಟ್ಟು ಎಂದರೆ ಶುಲ್ಕವೂ ಸೇರಿದ ಮೊತ್ತ, ಹಾಗಾಗಿ ಮೊದಲು ಸೇರಿಸಿ ಆಮೇಲೆ ಪರೀಕ್ಷಿಸಬೇಕು. ಇನ್ನು ಮೂರನೆಯದು: ಈ ಸಾಲನ್ನು ಸರ್ಚಾರ್ಜಿನ ಕೆಳಗೆ ಇಟ್ಟರೆ? 400 ಯೂನಿಟ್ ಹಾಕಿ ನೋಡಿ. ಬಳಕೆಯ ಮೊತ್ತ 250 + 100 = 350. ಈಗಿರುವ ಕ್ರಮದಲ್ಲಿ ಶುಲ್ಕ ಸೇರಿ 450 ಆಗುತ್ತದೆ, 400 ಮೀರಿದ್ದರಿಂದ ಶೇ. 15 ಸೇರಿ 517.50. ಕ್ರಮ ಬದಲಾಯಿಸಿದರೆ 350 ಎಂಬುದು 400 ಮೀರಿಲ್ಲ, ಸರ್ಚಾರ್ಜ್ ಬೀಳುವುದಿಲ್ಲ, ಬಿಲ್ 450 ಆಗುತ್ತದೆ. ಕಂಪೈಲರ್ ಯಾವ ತಪ್ಪನ್ನೂ ತೋರಿಸುವುದಿಲ್ಲ, ಬಿಲ್ ಮಾತ್ರ 67.50 ಕಡಿಮೆ ಬರುತ್ತದೆ. ಇಷ್ಟನ್ನು ಹೇಳಬಲ್ಲ ವಿದ್ಯಾರ್ಥಿಯನ್ನು ಸಾಲುಗಳು ಒಂದಾದ ಮೇಲೊಂದು ನಡೆಯುತ್ತವೆ ಎಂದರೇನು ಎಂದು ಮತ್ತೆ ಕೇಳುವ ಅಗತ್ಯ ಪರೀಕ್ಷಕರಿಗೆ ಉಳಿಯುವುದಿಲ್ಲ.

ಇದೇ ಸಾಲಿನಲ್ಲಿ ಇನ್ನೊಂದು ಪ್ರಶ್ನೆ ಅಡಗಿದೆ. ಕನಿಷ್ಠ 100 ರೂಪಾಯಿ ಎಂಬ ಮಾತಿಗೆ ಎರಡು ಅರ್ಥ ಹೊಂದುತ್ತವೆ. ಎಲ್ಲರ ಬಿಲ್ಲಿಗೂ 100 ಸೇರಿಸಬೇಕು ಎಂಬುದು ಒಂದು, 100ಕ್ಕಿಂತ ಕಡಿಮೆ ಬಂದ ಬಿಲ್ಲನ್ನು 100ಕ್ಕೆ ಏರಿಸಬೇಕು ಎಂಬುದು ಇನ್ನೊಂದು. 50 ಯೂನಿಟ್ ಬಳಸಿದವರಿಗೆ ಮೊದಲ ಅರ್ಥದಲ್ಲಿ 140 ರೂಪಾಯಿ, ಎರಡನೆಯದರಲ್ಲಿ 100. ಮೇಲಿನ ಪ್ರೋಗ್ರಾಂ ಮೊದಲ ಅರ್ಥವನ್ನು ಹಿಡಿದಿದೆ. ಯಾಕೆ ಎಂದು ಕೇಳಿದರೆ, ಅದು ಮೀಟರಿನ ಶುಲ್ಕ, ಬಳಕೆಯ ಹಣಕ್ಕೆ ಸಂಬಂಧವಿಲ್ಲದೆ ಪ್ರತ್ಯೇಕವಾಗಿ ಸೇರುತ್ತದೆ ಎಂದು ಓದಿಕೊಂಡೆ ಎನ್ನಬಹುದು. ಪರೀಕ್ಷಕರು ಒಪ್ಪದೆ ಇರಬಹುದು, ಆದರೆ ಕಾರಣ ಹೇಳಿದವರು ಯೋಚಿಸಿ ಬರೆದಿದ್ದಾರೆ ಎಂಬುದು ಅವರಿಗೆ ಗೊತ್ತಾಗುತ್ತದೆ.

ಅಂಚಿನ ಸಂಖ್ಯೆಗಳು

`if` ಇರುವ ಯಾವ ಪ್ರೋಗ್ರಾಂ ಆದರೂ ಪ್ರಶ್ನೆಗಳು ಅಂಚಿನ ಸುತ್ತಲೇ ಹುಟ್ಟುತ್ತವೆ. ಆದ್ದರಿಂದ ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಬಿಳಿ ಹಾಳೆಯಲ್ಲಿ 0, 200, 201, 300, 350, 351 ಎಂದು ಬರೆದು, ಪ್ರತಿಯೊಂದಕ್ಕೂ `amt` ಹೇಗೆ ಬದಲಾಗುತ್ತದೆ ಎಂದು ಕೈಯಿಂದಲೇ ಲೆಕ್ಕ ಹಾಕಿ. ಉತ್ತರಗಳು ಕ್ರಮವಾಗಿ 100, 260, 260.90, 350, 400, 461.15 ಬರಬೇಕು. ಕೊನೆಯ ಎರಡನ್ನು ಜೊತೆಗಿಟ್ಟು ನೋಡಿ. 350 ಯೂನಿಟ್‌ಗೆ ಮೊತ್ತ ಸರಿಯಾಗಿ 400. ಷರತ್ತು `>` ಆಗಿರುವುದರಿಂದ ಸರ್ಚಾರ್ಜ್ ಇಲ್ಲ. ಒಂದೇ ಒಂದು ಯೂನಿಟ್ ಹೆಚ್ಚಾದರೆ 401 ಆಗಿ, ಪೂರ್ತಿ 401ರ ಮೇಲೆ ಶೇ. 15 ಬಿದ್ದು, ಬಿಲ್ 61.15 ಜಿಗಿಯುತ್ತದೆ. `>` ಬದಲು `>=` ಬರೆದಿದ್ದರೆ 350ಕ್ಕೇ 460 ಆಗುತ್ತಿತ್ತು. ಒಂದು `=` ಚಿಹ್ನೆಯಿಂದ 60 ರೂಪಾಯಿಯ ವ್ಯತ್ಯಾಸ ಬರುತ್ತದೆ ಎಂಬುದನ್ನು ಹೀಗೆ ಲೆಕ್ಕ ಹಾಕಿ ಕಂಡವರಿಗೆ ಈ ಎರಡು ಚಿಹ್ನೆಗಳ ಅರ್ಥವನ್ನು ಬೇರೆಯಾಗಿ ಬಾಯಿಪಾಠ ಮಾಡುವ ಕೆಲಸವಿಲ್ಲ.

ಷರತ್ತುಗಳ ಕ್ರಮವನ್ನೂ ಹೀಗೆಯೇ ಪರೀಕ್ಷಿಸಬೇಕು. `units <= 300` ಎಂಬುದನ್ನು ಅದರ ಲೆಕ್ಕದ ಸಾಲಿನೊಂದಿಗೆ ಮೇಲಕ್ಕೆ ತಂದು, `units <= 200` ಎಂಬುದನ್ನು `else if` ಮಾಡಿದರೆ ಏನಾಗುತ್ತದೆ? 150 ಯೂನಿಟ್ ಎರಡೂ ಷರತ್ತಿಗೆ ಹೊಂದುತ್ತದೆ, ಆದರೆ ಮೊದಲು ಸಿಕ್ಕ ಷರತ್ತು ಹಿಡಿದುಕೊಳ್ಳುತ್ತದೆ. 160 + (150 - 200) × 0.90 ಎಂದರೆ 115, ಶುಲ್ಕ ಸೇರಿ 215. ಸರಿಯಾದ ಬಿಲ್ 220. ಆದರೆ 200 ಯೂನಿಟ್ ಕೊಟ್ಟು ನೋಡಿದರೆ ಎರಡೂ ಕ್ರಮದಲ್ಲಿ 260 ಬರುತ್ತದೆ, ತಪ್ಪು ಕಾಣುವುದೇ ಇಲ್ಲ. ಒಂದೇ ಇನ್‌ಪುಟ್ ಕೊಟ್ಟು ಔಟ್‌ಪುಟ್ ಬಂತು ಎಂದು ಜರ್ನಲ್ಲಿನಲ್ಲಿ ಬರೆದುಬಿಡುವ ರೂಢಿ ಯಾಕೆ ಸಾಲದು ಎಂಬುದಕ್ಕೆ ಇದು ಸಾಕ್ಷಿ.

ಲೆಕ್ಕದ ಸಾಲುಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ. 80 ಪೈಸೆ ಎಂದರೆ 80/100 ಎಂದುಕೊಂಡು `amt = 80 / 100 * units;` ಎಂದು ಬರೆದರೆ ಎಷ್ಟು ಯೂನಿಟ್ ಕೊಟ್ಟರೂ ಉತ್ತರ 0. 80 ಮತ್ತು 100 ಎರಡೂ ಪೂರ್ಣಾಂಕಗಳು, ಸಿ ಅವನ್ನು ಭಾಗಿಸಿದಾಗ ದಶಮಾಂಶ ಬಿದ್ದುಹೋಗಿ 0 ಉಳಿಯುತ್ತದೆ, 0ಯನ್ನು ಯಾವುದರಿಂದ ಗುಣಿಸಿದರೂ 0. `amt` ಅನ್ನು `float` ಎಂದು ಘೋಷಿಸಿದ್ದೇನಲ್ಲ ಎಂಬ ಮಾತು ಇಲ್ಲಿ ನೆರವಿಗೆ ಬರುವುದಿಲ್ಲ. ಬಲಗಡೆಯ ಲೆಕ್ಕ ಮೊದಲು ಮುಗಿಯುತ್ತದೆ, ಬಂದ ಉತ್ತರವನ್ನು `amt`ಗೆ ಹಾಕುವುದು ಆಮೇಲೆ. 0.80 ಎಂದು ಯಾಕೆ ಬರೆದಿದ್ದೀರಿ ಎಂಬ ಪ್ರಶ್ನೆಗೆ ಇದೇ ಪೂರ್ಣ ಉತ್ತರ.

ಹೆಸರಿನಲ್ಲಿ ಸಿಕ್ಕಿಕೊಳ್ಳುವ ತೊಂದರೆ

ಈ ಪ್ರೋಗ್ರಾಂನ ದೊಡ್ಡ ದೋಷ ಇರುವುದು ಲೆಕ್ಕದಲ್ಲಲ್ಲ, ಹೆಸರು ಓದುವ ಸಾಲಿನಲ್ಲಿ. ಪರೀಕ್ಷಕರು ಹೆಸರು ಕೇಳಿದಲ್ಲಿ `Basavaraj K` ಎಂದು ಟೈಪ್ ಮಾಡಿಸಿದರೆ ಪ್ರೋಗ್ರಾಂ ಯೂನಿಟ್‌ಗಾಗಿ ಕಾಯದೆ ಏನೋ ಒಂದು ಬಿಲ್ ಮುದ್ರಿಸಿಬಿಡುತ್ತದೆ. ಕಾರಣ ಇಷ್ಟು: `%s` ಖಾಲಿ ಜಾಗ ಸಿಕ್ಕೊಡನೆ ನಿಲ್ಲುತ್ತದೆ. `Basavaraj` ಮಾತ್ರ `name` ಒಳಗೆ ಹೋಗುತ್ತದೆ, ಉಳಿದ `K` ಇನ್‌ಪುಟ್‌ನಲ್ಲಿಯೇ ಕಾಯುತ್ತಿರುತ್ತದೆ. ಮುಂದಿನ `scanf` ಸಂಖ್ಯೆ ಹುಡುಕುವಾಗ ಎದುರಿಗೆ ಆ `K` ಸಿಗುತ್ತದೆ. ಅಕ್ಷರದಿಂದ ಸಂಖ್ಯೆ ಆಗುವುದಿಲ್ಲವಾದ್ದರಿಂದ ಅದು ಸೋತು ಹಿಂದಿರುಗುತ್ತದೆ, `units`ಗೆ ಬೆಲೆಯೇ ಸೇರುವುದಿಲ್ಲ. ಆರಂಭದಲ್ಲಿ ಅದಕ್ಕೆ ಏನನ್ನೂ ಕೊಟ್ಟಿಲ್ಲವಾದ್ದರಿಂದ ಆ ಜಾಗದಲ್ಲಿ ಮೊದಲೇ ಬಿದ್ದಿದ್ದ ಕಸವೇ ಯೂನಿಟ್ ಆಗಿ ಲೆಕ್ಕಕ್ಕೆ ಬರುತ್ತದೆ. ಪೂರ್ತಿ ಹೆಸರು ಬೇಕಿದ್ದರೆ ಆ ಸಾಲನ್ನು ಹೀಗೆ ಬರೆಯಬೇಕು.

```c
scanf("%29[^\n]", name);
```

ಎಂಟರ್ ಒತ್ತುವ ತನಕ ಬಂದ ಎಲ್ಲವನ್ನೂ, ಹೆಚ್ಚೆಂದರೆ 29 ಅಕ್ಷರಗಳನ್ನು ತೆಗೆದುಕೋ ಎಂಬುದು ಇದರ ಅರ್ಥ. ಅರೇ 30ರದ್ದಾಗಿರುವಾಗ 29 ಯಾಕೆ ಎಂಬುದು ತಾನಾಗಿಯೇ ಬರುವ ಮುಂದಿನ ಪ್ರಶ್ನೆ. ಸ್ಟ್ರಿಂಗಿನ ಕೊನೆಯನ್ನು ಗುರುತಿಸುವ `\0`ಗೆ ಒಂದು ಜಾಗ ಬಿಡಬೇಕು. ಹಾಗೆಯೇ `units` ಮುಂದೆ `&` ಇದ್ದು `name` ಮುಂದೆ ಯಾಕಿಲ್ಲ ಎಂಬುದೂ ಇಲ್ಲಿಯೇ ಕೇಳಿಬರುತ್ತದೆ. `scanf`ಗೆ ಬೇಕಾದದ್ದು ಬೆಲೆ ಇಡಬೇಕಾದ ಜಾಗದ ವಿಳಾಸ. `units` ಎಂದರೆ ಬೆಲೆ, ಅದರ ವಿಳಾಸ ಬೇಕೆಂದರೆ `&` ಹಾಕಬೇಕು. ಅರೇಯ ಹೆಸರನ್ನು ಹೀಗೆ ಕೊಟ್ಟಾಗ ಅದರ ಮೊದಲ ಅಂಶದ ವಿಳಾಸವೇ ಹೋಗುತ್ತದೆ. ಅರೇ, ಸ್ಟ್ರಿಂಗ್, ವಿಳಾಸ, ಆರಂಭಿಕ ಬೆಲೆ ಎಂಬ ನಾಲ್ಕು ಪಾಠಗಳು ಒಂದೇ ಸಾಲಿನ ಸುತ್ತ ಕೂಡಿಕೊಂಡವು. ಝೆರಾಕ್ಸ್ ಹಾಳೆಯಲ್ಲಿ ಇವು ನಾಲ್ಕು ಕಡೆ ಚದುರಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ಬಿದ್ದಿರುತ್ತವೆ.

ಜರ್ನಲ್ಲಿನ ಮೊದಲ ಸಾಲುಗಳು ನಿಮ್ಮ ಲ್ಯಾಬಿನ ಕಂಪೈಲರಿಗೆ ಹೊಂದಿಕೊಂಡಿರುತ್ತವೆ ಎಂಬುದನ್ನೂ ಗಮನದಲ್ಲಿಡಿ. ಟರ್ಬೊ ಸಿ ಬಳಸಿದ ಜರ್ನಲ್ಲಿನಲ್ಲಿ `conio.h`, `clrscr()`, `getch()` ಇರುತ್ತವೆ. ಅವು ಸಿ ಭಾಷೆಯ ಪ್ರಮಾಣಿತ ಲೈಬ್ರರಿಗೆ ಸೇರಿದವಲ್ಲ, ಉಬುಂಟುವಿನ ಜಿಸಿಸಿಯಲ್ಲಿ ಸಿಗುವುದಿಲ್ಲ. `int` ಎಷ್ಟು ಬೈಟ್ ಎಂಬ ಪ್ರಶ್ನೆಯ ಉತ್ತರವೂ ಹೀಗೆಯೇ ಬದಲಾಗುತ್ತದೆ: ಟರ್ಬೊ ಸಿಯಲ್ಲಿ 2, ಇಂದಿನ ಸಾಮಾನ್ಯ ಕಂಪ್ಯೂಟರಿನ ಜಿಸಿಸಿಯಲ್ಲಿ 4. ಉತ್ತರದ ಜೊತೆ ಕಂಪೈಲರಿನ ಹೆಸರನ್ನೂ ಹೇಳಿದರೆ ವಾದಕ್ಕೆ ಅವಕಾಶ ಇರುವುದಿಲ್ಲ.

ಎದುರಾಗುವ ಆಕ್ಷೇಪಗಳು

ಹನ್ನೆರಡು ಹದಿನೈದು ಪ್ರೋಗ್ರಾಂಗಳಿವೆ, ಎಲ್ಲದರಲ್ಲೂ ಸಾಲು ಸಾಲು ಹಿಡಿದು ಕೂತರೆ ಸಮಯ ಎಲ್ಲಿದೆ ಎಂದು ಕೇಳಬಹುದು. ಎಲ್ಲ ಸಾಲುಗಳಿಗೂ ಸಮಾನ ತೂಕವಿಲ್ಲ. ಹೆಡರ್, `printf`, `return` ಸಾಲುಗಳನ್ನು ಒಂದು ಪ್ರೋಗ್ರಾಂನಲ್ಲಿ ಅರ್ಥ ಮಾಡಿಕೊಂಡರೆ ಉಳಿದವುಗಳಲ್ಲಿ ದಾಟಿ ಹೋಗಬಹುದು. ಪ್ರತಿ ಪ್ರೋಗ್ರಾಂನಲ್ಲೂ ಹೊರೆ ಹೊರುವ ಸಾಲುಗಳು ನಾಲ್ಕೈದು ಮಾತ್ರ. ಬಿಲ್ಲಿನ ಪ್ರೋಗ್ರಾಂನಲ್ಲಿ ಅವು ಷರತ್ತುಗಳು, ಶುಲ್ಕದ ಸಾಲು ಮತ್ತು ಹೆಸರು ಓದುವ ಸಾಲು. ಬಬಲ್ ಸಾರ್ಟ್‌ನಲ್ಲಿ ಒಳಗಿನ ಲೂಪಿನ ಮಿತಿ ಮತ್ತು ಅದಲುಬದಲು ಮಾಡುವ ಮೂರು ಸಾಲು. ಬೈನರಿ ಸರ್ಚ್‌ನಲ್ಲಿ ನಡುವಿನ ಸ್ಥಾನ ಕಂಡುಹಿಡಿಯುವ ಸಾಲು, `low` ಮತ್ತು `high` ಬದಲಿಸುವ ಸಾಲು, ಲೂಪ್ ನಿಲ್ಲುವ ಷರತ್ತು. ಪ್ರೋಗ್ರಾಂ ಓದುತ್ತಾ ಇಂಥ ಸಾಲುಗಳಿಗೆ ಗುರುತು ಹಾಕಿ, ಅವುಗಳಿಗೆ ಮಾತ್ರ ಮೂರೂ ಪ್ರಶ್ನೆ ಕೇಳಿಕೊಂಡರೆ ಸಾಕು.

ಕೋಡ್ ನಮ್ಮದೇ ಅಲ್ಲವಲ್ಲ, ಮ್ಯಾನ್ಯುವಲ್ ನೋಡಿ ಇಡೀ ಬ್ಯಾಚ್ ಬರೆದದ್ದು ಎಂಬ ಮಾತೂ ಇದೆ. ಅದು ನಿಜವೇ ಆಗಿದ್ದರೆ ವಿವರಿಸುವ ಕೆಲಸ ಇನ್ನೂ ಹೆಚ್ಚು ಬೇಕು. ಅದನ್ನು ನಿಮ್ಮದಾಗಿಸಿಕೊಳ್ಳುವ ದಾರಿ ಒಂದು ಬದಲಾವಣೆಯನ್ನು ನೀವೇ ಮಾಡಿ ನೋಡುವುದು. ಮೊದಲ 200 ಯೂನಿಟ್ ಉಚಿತ ಎಂದು ದರ ಬದಲಿಸಬೇಕೆಂದುಕೊಳ್ಳಿ. ಮೊದಲ ಷರತ್ತಿನಲ್ಲಿ `amt = 0;` ಮಾಡಿದರೆ ಮುಗಿಯಿತು ಎಂದು ತೋರುತ್ತದೆ. ಆದರೆ 350 ಯೂನಿಟ್ ಕೊಟ್ಟರೆ ಬಿಲ್ ಇನ್ನೂ 400 ಬರುತ್ತದೆ, ಬರಬೇಕಾದದ್ದು 240. ಎರಡನೆಯ ಸಾಲಿನ 160 ಮತ್ತು ಮೂರನೆಯ ಸಾಲಿನ 250 ಎಲ್ಲಿಂದ ಬಂದವು ಎಂದು ಯೋಚಿಸಿದಾಗ ಕಾರಣ ಹೊಳೆಯುತ್ತದೆ. 160 ಎಂದರೆ 200 × 0.80, 250 ಎಂದರೆ ಅದಕ್ಕೆ ಸೇರಿದ 100 × 0.90. ಹಳೆಯ ದರ ಈ ಎರಡು ಸಂಖ್ಯೆಗಳ ಒಳಗೆ ಕುಳಿತಿದೆ. ಒಂದನ್ನು 0, ಇನ್ನೊಂದನ್ನು 90 ಮಾಡಬೇಕು. ನಕಲು ಮಾಡಿದ ಪ್ರೋಗ್ರಾಂ ಕೂಡ ಇಷ್ಟಾದ ಮೇಲೆ ಅರ್ಥವಾದ ಪ್ರೋಗ್ರಾಂ ಆಗುತ್ತದೆ.

ಇಂಗ್ಲಿಷಿನಲ್ಲಿ ಹೇಳಲು ಬರುವುದಿಲ್ಲ ಎಂಬುದು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ನಿಜವಾದ ಅಳುಕು. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ವ್ಯಾಖ್ಯೆಗಳನ್ನು ಇಂಗ್ಲಿಷಿನಲ್ಲಿ ಉರು ಹೊಡೆಯುವುದು ಇದಕ್ಕೆ ಮದ್ದಲ್ಲ, ಒಂದು ಪದ ತಪ್ಪಿದರೆ ಇಡೀ ವಾಕ್ಯ ಕೈಬಿಡುತ್ತದೆ. ಮೊದಲು ಗೆಳೆಯರ ಮುಂದೆ ನಿಮ್ಮ ಮಾತಿನಲ್ಲಿಯೇ ಗಟ್ಟಿಯಾಗಿ ಹೇಳಿ: "ಸರ್, ಮುನ್ನೂರಾ ಐವತ್ತು ಯೂನಿಟ್ಟಿಗೆ ಟೋಟಲ್ ಕರೆಕ್ಟ್ ನಾನೂರ ಬರತದ್ರಿ, ಕಂಡಿಷನ್ ಫಾಲ್ಸ್ ಆಗತದ, ಸರ್ಚಾರ್ಜ್ ಬೀಳಂಗಿಲ್ರಿ." ಇದರಲ್ಲಿ ಬೇಕಾದ ತಾಂತ್ರಿಕ ಪದಗಳು ಆಗಲೇ ಬಂದಿವೆ. ಇಂಗ್ಲಿಷಿನಲ್ಲೇ ಹೇಳಬೇಕೆಂದರೂ ಆ ಪದಗಳನ್ನು ಮತ್ತು ಸಂಖ್ಯೆಗಳನ್ನು ಹಿಡಿದು ಸಣ್ಣ ಸಣ್ಣ ವಾಕ್ಯ ಕಟ್ಟಬಹುದು. ಏನು ಹೇಳಬೇಕೆಂಬುದು ಖಚಿತವಿದ್ದಾಗ ಭಾಷೆಯ ಭಾರ ಅರ್ಧ ಇಳಿಯುತ್ತದೆ.

ಪರೀಕ್ಷಕರು ವ್ಯಾಖ್ಯೆಗಳನ್ನೇ ಕೇಳಿದರೆ ಎಂಬುದು ಕೊನೆಯ ಆಕ್ಷೇಪ. ಕೇಳುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆಗ ವ್ಯಾಖ್ಯೆಯನ್ನು ನಿಮ್ಮ ಸಾಲಿಗೆ ಜೋಡಿಸಿ. ಅರೇ ಎಂದರೆ ಒಂದೇ ಬಗೆಯ ಅನೇಕ ಬೆಲೆಗಳನ್ನು ಒತ್ತಾಗಿ ಇಡುವ ಜಾಗ, ನನ್ನ ಪ್ರೋಗ್ರಾಂನಲ್ಲಿ `name[30]` ಮೂವತ್ತು `char`ಗಳನ್ನು ಹಾಗೆ ಇಡುತ್ತದೆ ಎಂದರೆ ಉತ್ತರವೂ ಆಯಿತು, ಮಾತು ನಿಮಗೆ ಗೊತ್ತಿರುವ ಪ್ರೋಗ್ರಾಂಗೆ ಮರಳಿದಂತೆಯೂ ಆಯಿತು. ಈ ವಿಧಾನಕ್ಕೂ ಒಂದು ಮಿತಿಯಿದೆ ಎಂಬುದನ್ನು ಒಪ್ಪಬೇಕು. ಫೈಲ್, ಯೂನಿಯನ್‌ಗಳಂಥ ವಿಷಯಗಳು ನಿಮ್ಮ ಜರ್ನಲ್ಲಿನ ಯಾವ ಪ್ರೋಗ್ರಾಂನಲ್ಲೂ ಇಲ್ಲದಿದ್ದರೆ ಅವನ್ನು ಪಠ್ಯದಿಂದ ಬೇರೆಯಾಗಿಯೇ ಓದಬೇಕು.

ವಿವರಣೆಯನ್ನೂ ಬಾಯಿಪಾಠ ಮಾಡಿಬಿಡಬಹುದಲ್ಲ ಎಂದು ಅನುಮಾನ ಬಂದರೆ, ಅದನ್ನು ತಡೆಯುವ ಕ್ರಮ ಸರಳವಾಗಿದೆ. ಗುರುತು ಹಾಕಿದ ಒಂದು ಸಾಲನ್ನು ಗೆಳೆಯರು ಕೆಡಿಸಲಿ. `if (amt > 400)` ಕೊನೆಗೆ ಒಂದು ಅರ್ಧವಿರಾಮ ಹಾಕಲಿ, `>` ಇದ್ದಲ್ಲಿ `>=` ಬರೆಯಲಿ, ಶುಲ್ಕದ ಸಾಲನ್ನು ಸರ್ಚಾರ್ಜಿನ ಕೆಳಗೆ ಇಡಲಿ. ಓಡಿಸುವ ಮೊದಲು ಔಟ್‌ಪುಟ್ ಎಷ್ಟು ಬರುತ್ತದೆ ಎಂದು ಹಾಳೆಯ ಮೇಲೆ ಬರೆಯಿರಿ, ಆಮೇಲೆ ಓಡಿಸಿ. ಆ ಅರ್ಧವಿರಾಮದಿಂದ `if` ಅಲ್ಲಿಗೇ ಮುಗಿದು ಸರ್ಚಾರ್ಜ್ ಎಲ್ಲರಿಗೂ ಬೀಳುತ್ತದೆ, 200 ಯೂನಿಟ್‌ನ ಬಿಲ್ 260 ಇದ್ದದ್ದು 299 ಆಗುತ್ತದೆ. ನೀವು ಬರೆದ ಸಂಖ್ಯೆ ಪರದೆಯ ಸಂಖ್ಯೆಗೆ ಹೊಂದಿದರೆ ಆ ಸಾಲು ನಿಮ್ಮದು. ಹೊಂದದಿದ್ದರೆ ಮುಂದೆ ಓದಬೇಕಾದದ್ದು ಯಾವುದು ಎಂಬುದು ಅಲ್ಲಿಯೇ ಗೊತ್ತಾಯಿತು. ವೈವಾದಲ್ಲಿ ಉತ್ತರ ಹೊಳೆಯದೆ ಹೋದಾಗಲೂ ಇದೇ ಅಭ್ಯಾಸ ಕೈಹಿಡಿಯುತ್ತದೆ. "ಒಂದು ನಂಬರ್ ಹಾಕಿ ನೋಡ್ತೀನ್ರಿ" ಎಂದು ಕಾಗದ ತೆಗೆದುಕೊಂಡು, ಒಂದು ಬೆಲೆ ಹಿಡಿದು, ಸಾಲಿನಿಂದ ಸಾಲಿಗೆ ಗಟ್ಟಿಯಾಗಿ ಹೇಳುತ್ತಾ ಇಳಿಯಿರಿ. ಗೊತ್ತಿಲ್ಲ ಎಂದು ಸುಮ್ಮನಾಗುವುದಕ್ಕಿಂತ ಇದರಿಂದ ಹೆಚ್ಚು ಅಂಕ ಸಿಗುವ ಸಾಧ್ಯತೆಯಿದೆ, ಎಷ್ಟೋ ಸಲ ಅರ್ಧ ದಾರಿಯಲ್ಲಿ ಉತ್ತರವೂ ಸಿಗುತ್ತದೆ.